ನೋಡಿ ಹೋದವರ ಬೆನ್ನು ಹತ್ತಿದ ಜಾಹೀರಾತು: ದುಡ್ಡು ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಬಗೆ

ಆನ್‌ಲೈನ್‌ನಲ್ಲಿ ಬ್ಯಾಗ್ ಮಾರುವ ಗೆಳತಿಯೊಬ್ಬಳಿದ್ದಾಳೆ. ಒಂದು ದಿನ ಅವಳಿಗೆ ಗ್ರಾಹಕರೊಬ್ಬರ ಮೆಸೇಜ್ ಬಂತು: "ನಿಮ್ಮ ನೀಲಿ ಬ್ಯಾಗ್ ತಗೊಂಡು ಹತ್ತು ದಿನ ಆಯ್ತು, ದಿನಾ ಹೆಗಲಿಗೆ ಹಾಕ್ಕೊಂಡು ಓಡಾಡ್ತಿದ್ದೀನಿ, ಇನ್ನೂ ಯಾಕೆ ಅದನ್ನೇ ತೋರಿಸ್ತೀರಿ?" ಅವಳು ಅದನ್ನು ನನಗೆ ಕಳಿಸಿ, ಜೊತೆಗೆ ಇನ್ನೊಂದು ಮಾತು ಸೇರಿಸಿದಳು: "ರಿಪೋರ್ಟ್ ಏನೋ ಚೆನ್ನಾಗೇ ಇದೆ ಕಣೋ, ಆದ್ರೆ ಕೈಗೆ ಏನೂ ಬರ್ತಿಲ್ಲ."

ಈ ಎರಡು ಮಾತಿನಲ್ಲೇ ರೀಟಾರ್ಗೆಟಿಂಗ್‌ನ ಮುಕ್ಕಾಲು ತೊಂದರೆ ಇದೆ. ಪ್ರಾಡಕ್ಟ್ ನೋಡಿ, ಕೊಳ್ಳದೆ ಹೋದವರಿಗೆ ಮತ್ತೆ ಅದನ್ನೇ ತೋರಿಸುವ ಜಾಹೀರಾತು ಇದು. ಈ ಜನ ಯಾವಾಗಲೂ ಕಡಿಮೆ. ಸೈಟಿಗೆ ಬಂದವರಲ್ಲಿ ಒಂದು ಪಾಲು, ಅದರಲ್ಲೂ ಜಾಹೀರಾತು ವ್ಯವಸ್ಥೆಗೆ ಗುರುತು ಸಿಕ್ಕವರು ಮಾತ್ರ. ಚಿಕ್ಕ ಲೋಟಕ್ಕೆ ಕೊಡ ನೀರು ಸುರಿದ ಹಾಗೆ ಬಜೆಟ್ ಸುರಿದರೆ ಉಳಿದದ್ದೆಲ್ಲ ಚೆಲ್ಲುತ್ತದೆ, ಅಲ್ವಾ? ಕೆಳಗೆ ಬರೆದಿರುವುದು ಅವಳ ಅಕೌಂಟ್ ಮುಂದಿಟ್ಟುಕೊಂಡು ನಾವು ಹುಡುಕಿದ ಕ್ರಮ. ಹೆಚ್ಚಾಗಿ ಮೆಟಾ, ಅಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನ ಬಗ್ಗೆಯೇ ಇದೆ, ಗೂಗಲ್‌ನಲ್ಲಿ ಬೇರೆ ಇರುವ ಕಡೆ ಹೇಳಿದ್ದೇನೆ. ಹಣದ ಅಂಕಿಗಳನ್ನು ಬರೀ ಲೆಕ್ಕಕ್ಕೆ ಅಂತ ತಿಳಿಯಿರಿ, ನಿಮ್ಮ ನಾಣ್ಯ ಯಾವುದೋ ಅದನ್ನೇ ಇಟ್ಟುಕೊಳ್ಳಿ.

## ಕೈ ಹಾಕುವ ಮೊದಲು

ಮೊದಲು ಖರ್ಚಿಗೆ ಬೇಲಿ ಹಾಕಿ, ಆಮೇಲೆ ತಪ್ಪು ಹುಡುಕಿ. ಹುಡುಕುತ್ತಾ ಎರಡು ದಿನ ಕಳೆದರೆ ಆ ಎರಡು ದಿನವೂ ದುಡ್ಡು ಹೋಗುತ್ತಲೇ ಇರುತ್ತದೆ.

ಡೈಲಿ ಬಜೆಟ್ ಅಂದರೆ ದಿನದ ಮಿತಿ ಅಂತ ತುಂಬಾ ಜನ ನಂಬಿದ್ದಾರೆ. ಅದು ಸರಾಸರಿ ಮಾತ್ರ. ಮೆಟಾದಲ್ಲಿ ಒಂದು ದಿನ ನೀವು ಹೇಳಿದ್ದಕ್ಕಿಂತ 75% ವರೆಗೆ ಜಾಸ್ತಿ ಖರ್ಚಾಗಬಹುದು, ವಾರದ ಒಟ್ಟು ಮಾತ್ರ ಏಳು ದಿನದ ಬಜೆಟ್ ದಾಟುವುದಿಲ್ಲ. ಗೂಗಲ್‌ನಲ್ಲಿ ಒಂದು ದಿನ ಎರಡು ಪಟ್ಟು ಹೋಗಬಹುದು, ತಿಂಗಳ ಲೆಕ್ಕ 30.4 ದಿನದ ಬಜೆಟ್‌ಗೆ ನಿಲ್ಲುತ್ತದೆ. ಹಾಗಾಗಿ ಮಂಗಳವಾರ 1,000ದ ಜಾಗದಲ್ಲಿ 1,700 ಹೋಯಿತು ಅಂತ ಕಂಡರೆ ಅದು ದೋಷವಲ್ಲ, ವ್ಯವಸ್ಥೆ ಇರುವುದೇ ಹಾಗೆ.

ನಿಜವಾದ ತಡೆ ಬೇಕಾದರೆ ಮೆಟಾದ ಬಿಲ್ಲಿಂಗ್ ಪುಟದಲ್ಲಿ `Account spending limit` ಇಡಿ. ಅದು ಮುಟ್ಟಿದ ಕೂಡಲೇ ಆ ಅಕೌಂಟ್‌ನ ಎಲ್ಲಾ ಜಾಹೀರಾತೂ ನಿಲ್ಲುತ್ತದೆ. "ಎಲ್ಲಾ" ಅನ್ನುವುದನ್ನು ನೆನಪಿಡಿ, ಬೇರೆ ಒಳ್ಳೆ ಕ್ಯಾಂಪೇನ್ ಇದ್ದರೆ ಅದೂ ನಿಲ್ಲುತ್ತದೆ. ರೀಟಾರ್ಗೆಟಿಂಗ್ ಒಂದಕ್ಕೇ ಬೇಲಿ ಸಾಕು ಅನಿಸಿದರೆ ಆ ಕ್ಯಾಂಪೇನ್‌ಗೆ ಮಾತ್ರ ಒಟ್ಟು ಖರ್ಚಿನ ಮಿತಿ ಕೊಡಿ. ಕೊನೆಯ ತಾರೀಖು ಹಾಕುವುದನ್ನೂ ಮರೆಯಬೇಡಿ.

ಇನ್ನೆರಡು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ತಾರೀಖಿನ ಜೊತೆ ಬರೆದಿಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಸಿಟ್ಟಿನಲ್ಲಿ ಆಡಿಯೆನ್ಸ್ ಅಥವಾ ಪಿಕ್ಸೆಲ್ ಅಳಿಸಬೇಡಿ, ಕ್ಯಾಂಪೇನ್ ತಾತ್ಕಾಲಿಕವಾಗಿ ನಿಲ್ಲಿಸಿ, ಸಾಕು. ಆಡಿಯೆನ್ಸ್ ಅಂದರೆ ಜಾಹೀರಾತು ತೋರಿಸಬೇಕಾದವರ ಪಟ್ಟಿ, ಪಿಕ್ಸೆಲ್ ಅಂದರೆ ಸೈಟಿಗೆ ಬಂದವರು ಏನು ಮಾಡಿದರು ಅಂತ ಮೆಟಾಗೆ ತಿಳಿಸುವ ಚಿಕ್ಕ ಕೋಡ್.

## "ಜಾಹೀರಾತು ಆನ್ ಇದೆ, ಯಾರಿಗೂ ಹೋಗುತ್ತಿಲ್ಲ"

ಖರ್ಚು ಸೊನ್ನೆ ಅಥವಾ ಚಿಲ್ಲರೆ. ಮೊದಲು ಎಲ್ಲಕ್ಕಿಂತ ಸುಲಭದ್ದು ನೋಡಿ: ಕಾರ್ಡ್ ಅವಧಿ ಮುಗಿದಿದೆಯಾ, ಜಾಹೀರಾತು ಇನ್ನೂ ಪರಿಶೀಲನೆಯಲ್ಲೇ ಇದೆಯಾ, ಹೋದ ತಿಂಗಳು ಇಟ್ಟ ಅಕೌಂಟ್ ಮಿತಿ ತುಂಬಿಹೋಗಿದೆಯಾ. ಕೊನೆಯದನ್ನು ಜನ ಮರೆತೇಬಿಡುತ್ತಾರೆ. ನಾನೂ ಮರೆತಿದ್ದೇನೆ.

ಅದೆಲ್ಲ ಸರಿ ಇದ್ದರೆ ಆಡಿಯೆನ್ಸ್ ತುಂಬಾ ಚಿಕ್ಕದಿರಬಹುದು. ಬೇರೆ ಸೈಟು, ಆ್ಯಪ್‌ಗಳಲ್ಲಿ ಚಿತ್ರದ ಜಾಹೀರಾತು ತೋರಿಸುವ ಗೂಗಲ್ ಡಿಸ್‌ಪ್ಲೇಯಲ್ಲಿ ಹಿಂದಿನ 30 ದಿನದಲ್ಲಿ ಕನಿಷ್ಠ 100 ಸಕ್ರಿಯ ಜನ ಪಟ್ಟಿಯಲ್ಲಿ ಇರಲೇಬೇಕು. ದಿನಕ್ಕೆ 10 ಜನ ಪ್ರಾಡಕ್ಟ್ ನೋಡುವ ಸೈಟಿಗೆ 3 ದಿನದ ಪಟ್ಟಿ ಮಾಡಿದರೆ ಅದರಲ್ಲಿ ಯಾರಿರುತ್ತಾರೆ ಹೇಳಿ? ಅವಧಿಯನ್ನು 14 ಅಥವಾ 30 ದಿನಕ್ಕೆ ಹಿಗ್ಗಿಸಿ. ಆಗಲೂ ತುಂಬದಿದ್ದರೆ ಸದ್ಯಕ್ಕೆ ರೀಟಾರ್ಗೆಟಿಂಗ್ ಬಿಟ್ಟುಬಿಡಿ. ಆ ಹಣವನ್ನು ಹೊಸಬರನ್ನು ಸೈಟಿಗೆ ಕರೆತರುವುದಕ್ಕೆ ಹಾಕಿ.

ನೋಡುವವರು ಸಾಕಷ್ಟಿದ್ದೂ ಪಟ್ಟಿ ತುಂಬುತ್ತಿಲ್ಲ ಅಂದರೆ ಪಿಕ್ಸೆಲ್ ಕಡೆ ತಿರುಗಿ. ಮೆಟಾದ `Events Manager`ನ `Test events` ತೆರೆದು, ಅಲ್ಲಿಂದಲೇ ನಿಮ್ಮ ಸೈಟ್ ತೆರೆದು, ಒಂದು ಪ್ರಾಡಕ್ಟ್ ಒತ್ತಿ. ಆ್ಯಡ್ ಬ್ಲಾಕರ್ ಇದ್ದರೆ ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಇಲ್ಲದ ತಪ್ಪನ್ನು ಅರ್ಧ ಗಂಟೆ ಹುಡುಕುತ್ತೀರಿ. ಪ್ರಾಡಕ್ಟ್ ನೋಡಿದರು ಅಂತ ಪಿಕ್ಸೆಲ್ ಕಳಿಸುವ ಸುದ್ದಿ, ಅಂದರೆ `ViewContent`, ಒಂದು ಸಲ ಕಾಣಬೇಕು. ಕಾಣದಿದ್ದರೆ ಪಿಕ್ಸೆಲ್ ಆ ಪುಟದಲ್ಲಿ ಇಲ್ಲ, ಅಥವಾ ಕುಕೀಗೆ ಒಪ್ಪಿಗೆ ಕೇಳುವ ಬ್ಯಾನರ್ ಅದನ್ನು ತಡೆದಿದೆ. ಒಪ್ಪಿಗೆ ಕೊಟ್ಟ ಮೇಲೂ ಕಾಣದಿದ್ದರೆ ಮಾತ್ರ ಅದು ದೋಷ. ಒಪ್ಪಿಗೆ ಕೊಡದವರಿಗೆ ಕಾಣದಿದ್ದರೆ ಅದು ಇರಬೇಕಾದದ್ದೇ ಹಾಗೆ, ಅದನ್ನು "ಸರಿಪಡಿಸಲು" ಹೋಗಬೇಡಿ. ಎರಡು ಸಲ ಕಂಡರೆ ಥೀಮ್‌ನಲ್ಲೊಮ್ಮೆ, ಯಾವುದೋ ಪ್ಲಗಿನ್‌ನಲ್ಲೊಮ್ಮೆ ಒಂದೇ ಪಿಕ್ಸೆಲ್ ಕೂತಿದೆ ಅಂತ ಅರ್ಥ. ಒಂದನ್ನು ತೆಗೆಯಿರಿ.

## "ನೋಡಿದ್ದು ಒಂದು, ಜಾಹೀರಾತಿನಲ್ಲಿ ಬರುವುದು ಇನ್ನೊಂದು"

ಇದು ಕ್ಯಾಟಲಾಗ್, ಅಂದರೆ ಅಂಗಡಿಯ ಪ್ರಾಡಕ್ಟ್‌ಗಳ ಪಟ್ಟಿಯನ್ನು ಮೆಟಾಗೆ ಜೋಡಿಸಿದವರಿಗೆ ಮಾತ್ರ ಬರುವ ತೊಂದರೆ. ಪಿಕ್ಸೆಲ್ ಕಳಿಸುವ ಐಡಿಯೂ ಕ್ಯಾಟಲಾಗ್‌ನಲ್ಲಿರುವ ಐಡಿಯೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಪುಟದಿಂದ ಹೀಗೆ ಹೋಗುತ್ತದೆ ಅಂದುಕೊಳ್ಳಿ:

```
fbq('track', 'ViewContent', {
  content_ids: ['KB-214'],
  content_type: 'product'
});
```

ಕ್ಯಾಟಲಾಗ್‌ನಲ್ಲಿ ಇರುವುದು ಮಾತ್ರ `KB-214-BLUE`, `KB-214-RED`. ಬರೀ `KB-214` ಅಲ್ಲಿ ಗುಂಪಿನ ಐಡಿ, ಅಂದರೆ `item_group_id`. ಪುಟ ಹೇಳುತ್ತಿರುವುದು "ಇದು ಒಂದು ಪ್ರಾಡಕ್ಟ್" ಅಂತ, ಕ್ಯಾಟಲಾಗ್‌ನಲ್ಲಿ ಆ ಹೆಸರಿನ ಪ್ರಾಡಕ್ಟೇ ಇಲ್ಲ. ಆಗ ಜಾಹೀರಾತು ಬೇರೇನೋ ತೋರಿಸುತ್ತದೆ, ಇಲ್ಲವೇ ತೋರಿಸುವುದೇ ಇಲ್ಲ. ದಾರಿ ಎರಡು: ಗುಂಪಿನ ಐಡಿಯನ್ನೇ ಕಳಿಸುವುದಾದರೆ `content_type` ಅನ್ನು `product_group` ಮಾಡಿ, ಇಲ್ಲವೇ ಬಣ್ಣದ ಸಮೇತ ಪೂರ್ತಿ ಐಡಿ ಕಳಿಸಿ. `Commerce Manager`ನಲ್ಲಿ ಎಷ್ಟು ಪಾಲು ಹೊಂದುತ್ತಿದೆ ಅಂತ ತೋರಿಸುತ್ತದೆ, ಬದಲಾಯಿಸಿದ ಒಂದೆರಡು ದಿನ ಬಿಟ್ಟು ಅದನ್ನು ನೋಡಿ.

ಸ್ಟಾಕ್ ಮುಗಿದ ಮಾಲು ಜಾಹೀರಾತಿನಲ್ಲಿ ಬರುತ್ತಿದ್ದರೆ ಐಡಿಯದ್ದು ತಪ್ಪಿಲ್ಲ. ಕ್ಯಾಟಲಾಗ್ ಫೀಡ್ ಹಳೆಯದು, ಅಷ್ಟೇ. ಅದು ಎಷ್ಟು ಹೊತ್ತಿಗೊಮ್ಮೆ ಅಪ್‌ಡೇಟ್ ಆಗುತ್ತಿದೆ ನೋಡಿ.

## "ಕೊಂಡವರಿಗೂ ಅದೇ ಜಾಹೀರಾತು"

ನೀಲಿ ಬ್ಯಾಗಿನ ಕಥೆ ಇದೇ. ಸುಲಭದ್ದರಿಂದ ಶುರು ಮಾಡೋಣ.

ಕ್ಯಾಂಪೇನ್ ಒಳಗೆ ಯಾರಿಗೆ ತೋರಿಸಬೇಕು ಅಂತ ಹೇಳುವ ಜಾಗ ಆ್ಯಡ್ ಸೆಟ್. ಅದನ್ನು ತೆರೆದು, `Purchase`, ಅಂದರೆ ಕೊಂಡರು ಅನ್ನುವ ಸುದ್ದಿ ಬಂದವರನ್ನು ಹೊರಗಿಟ್ಟಿದ್ದೀರಾ ನೋಡಿ. ಅವಳು ಇಟ್ಟಿದ್ದಳು. ಆದರೆ ಸೇರಿಸಿದ್ದು "14 ದಿನದಲ್ಲಿ ನೋಡಿದವರು", ಹೊರಗಿಟ್ಟಿದ್ದು "7 ದಿನದಲ್ಲಿ ಕೊಂಡವರು". ಎರಡು ಅವಧಿ ನಡುವೆ ತೂತು ಬಿತ್ತು. ಒಂಬತ್ತು ದಿನದ ಹಿಂದೆ ನೋಡಿ ಅವತ್ತೇ ಕೊಂಡವರು "ನೋಡಿದವರ" ಪಟ್ಟಿಯಲ್ಲಿ ಇನ್ನೂ ಇದ್ದಾರೆ, "ಕೊಂಡವರ" ಪಟ್ಟಿಯಿಂದ ಆಗಲೇ ಹೊರಬಿದ್ದಿದ್ದಾರೆ. ಜಾಹೀರಾತು ಅವರ ಬೆನ್ನು ಹತ್ತುತ್ತದೆ.

ಎರಡನ್ನೂ 14 ಮಾಡಿದರೂ ಸಾಲದು. ತಿಂಗಳ ಹಿಂದೆ ಕೊಂಡವರು ಬ್ಯಾಗ್ ತೊಳೆಯುವುದು ಹೇಗೆ ಅಂತ ನೋಡಲು ನಿನ್ನೆ ಅದೇ ಪುಟಕ್ಕೆ ಬಂದಿರಬಹುದು, ಅವರು ಮತ್ತೆ ಪಟ್ಟಿಗೆ ಸೇರುತ್ತಾರೆ. ಆದ್ದರಿಂದ ಕೊಂಡವರನ್ನು ಹೊರಗಿಡುವ ಅವಧಿ ಆದಷ್ಟು ಉದ್ದ ಇರಲಿ. ಮೆಟಾದಲ್ಲಿ 180 ದಿನ, ಗೂಗಲ್‌ನಲ್ಲಿ 540 ದಿನದವರೆಗೆ ಇಡಬಹುದು. ಸೋಪು, ಕಾಫಿಪುಡಿ ಥರ ಮುಗಿದು ಮತ್ತೆ ಕೊಳ್ಳುವ ಮಾಲಾದರೆ ಮಾತ್ರ ಲೆಕ್ಕ ಬೇರೆ. ಅದು ಎಷ್ಟು ದಿನಕ್ಕೆ ಖಾಲಿಯಾಗುತ್ತದೋ ಅಷ್ಟು ದಿನ ಹೊರಗಿಡಿ.

ಅವಧಿ ಸರಿಮಾಡಿದ ಮೇಲೂ ದೂರು ನಿಲ್ಲದಿದ್ದರೆ `Purchase` ಬರುತ್ತಲೇ ಇಲ್ಲವೇನೋ ಅಂತ ನೋಡಬೇಕು. ಇದಕ್ಕೆ ಹಾಳೆ, ಪೆನ್ನು ಸಾಕು. ಅಂಗಡಿ ಸಾಫ್ಟ್‌ವೇರ್‌ನಲ್ಲಿ ಹಿಂದಿನ 14 ದಿನದ ಆರ್ಡರ್ ಎಣಿಸಿ, `Events Manager`ನಲ್ಲಿ ಅದೇ 14 ದಿನದ `Purchase` ಎಣಿಸಿ, ಪಕ್ಕಪಕ್ಕ ಬರೆಯಿರಿ. ಎರಡರ ಟೈಮ್ ಝೋನ್ ಒಂದೇನಾ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಅಂಚಿನ ದಿನಗಳ ಲೆಕ್ಕ ತಪ್ಪುತ್ತದೆ. ಅವಳದ್ದು ಆರ್ಡರ್ 60, `Purchase` 41. ಕೊಂಡ 19 ಜನರನ್ನು ಮೆಟಾ "ಇನ್ನೂ ಕೊಂಡಿಲ್ಲ" ಅಂತಲೇ ತಿಳಿದಿತ್ತು.

ಆ 19 ಎಲ್ಲಿ ಹೋಯಿತು? ಅವಳ ಫೋನಿನಲ್ಲೇ ಒಂದು ಆರ್ಡರ್ ಮಾಡಿ ನೋಡಿದೆವು. ಪೇ ಒತ್ತಿದ ಕೂಡಲೇ ಬ್ಯಾಂಕಿನ ಆ್ಯಪ್ ತೆರೆಯಿತು, ಪಿನ್ ಹಾಕಿದಳು, "ಪಾವತಿ ಆಗಿದೆ" ಅಂತ ಹಸಿರು ಗುರುತು ಬಂತು, ಅವಳು ಅಭ್ಯಾಸದಂತೆ ಫೋನ್ ಕೆಳಗಿಟ್ಟಳು. ಅಷ್ಟೇ! ಬ್ರೌಸರ್‌ಗೆ ಮರಳಿ ಹೋಗಲೇ ಇಲ್ಲ, "ಧನ್ಯವಾದ" ಪುಟ ತೆರೆಯಲೇ ಇಲ್ಲ. `Purchase` ಇದ್ದಿದ್ದು ಆ ಪುಟದಲ್ಲಿ ಮಾತ್ರ. ಅಂಗಡಿಗೆ ಆರ್ಡರ್ ಬಂತು, ಪಿಕ್ಸೆಲ್‌ಗೆ ಗೊತ್ತೇ ಆಗಲಿಲ್ಲ. ಅಂದಹಾಗೆ, ಇಂಥ ಪರೀಕ್ಷೆಯ ಆರ್ಡರ್ ಆಮೇಲೆ ರದ್ದು ಮಾಡಿದರೂ ಪುಟ ತೆರೆದಿದ್ದರೆ ಎಣಿಕೆಯಲ್ಲಿ ಉಳಿಯುತ್ತದೆ, ಬರೆದಿಟ್ಟುಕೊಳ್ಳಿ.

ಇದಕ್ಕೆ ಗಟ್ಟಿ ಪರಿಹಾರ ಅಂದರೆ ಆರ್ಡರ್ ಖಚಿತವಾದ ಕೂಡಲೇ ಅಂಗಡಿಯ ಸರ್ವರ್‌ನಿಂದಲೇ `Purchase` ಕಳಿಸುವುದು. ಮೆಟಾದಲ್ಲಿ ಇದಕ್ಕೆ `Conversions API` ಅಂತಾರೆ. ಬ್ರೌಸರ್ ಮತ್ತು ಸರ್ವರ್ ಎರಡರಿಂದಲೂ ಕಳಿಸುವಾಗ ಒಂದೇ `event_id` ಇರಬೇಕು, ಇಲ್ಲದಿದ್ದರೆ ಒಂದು ಮಾರಾಟ ಎರಡಾಗಿ ಎಣಿಕೆಯಾಗುತ್ತದೆ. ಎಣಿಸಿದಾಗ `Purchase` ಆರ್ಡರ್‌ಗಿಂತ ಜಾಸ್ತಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎರಡನೆಯದು, ಧನ್ಯವಾದ ಪುಟವನ್ನು ಜನ ಮತ್ತೆ ಮತ್ತೆ ತೆರೆಯುವುದು.

ಅಷ್ಟು ಕೆಲಸ ಈಗ ಆಗದು ಅನ್ನುವವರಿಗೆ ಒಂದು ತಾತ್ಕಾಲಿಕ ದಾರಿ ಇದೆ: ಕೊಂಡವರ ಇಮೇಲ್ ಪಟ್ಟಿಯನ್ನು ವಾರಕ್ಕೊಮ್ಮೆ ಹಾಕಿ, ಅದನ್ನು ಹೊರಗಿಡುವುದು. ಆದರೆ ಗ್ರಾಹಕರ ವಿವರವನ್ನು ಹೀಗೆ ಬಳಸುತ್ತೇವೆ ಅಂತ ನೀವು ಅವರಿಗೆ ಹೇಳಿರಬೇಕು, ಅವರು ಒಪ್ಪಿರಬೇಕು. ಹೇಳಿಲ್ಲ ಅಂದರೆ ಈ ದಾರಿ ಬೇಡ.

## "ಎಲ್ಲಿ ಹೋದರೂ ನಿಮ್ಮದೇ ಜಾಹೀರಾತು, ಸಾಕಾಯ್ತು"

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಹಣ ಸೋರುವುದು ಹೆಚ್ಚಾಗಿ ಇಲ್ಲೇ.

ರಿಪೋರ್ಟ್‌ನಲ್ಲಿ ಎರಡು ಅಂಕಿ ಸಾಕು: ರೀಚ್, ಅಂದರೆ ಎಷ್ಟು ಜನ ನೋಡಿದರು. ಫ್ರೀಕ್ವೆನ್ಸಿ, ಅಂದರೆ ಒಬ್ಬರು ಸರಾಸರಿ ಎಷ್ಟು ಸಲ ನೋಡಿದರು. ಎರಡನ್ನೂ ಹಿಂದಿನ 7 ದಿನಕ್ಕೆ ಇಟ್ಟು ನೋಡಿ. ಆರು ತಿಂಗಳ ಒಟ್ಟು ಫ್ರೀಕ್ವೆನ್ಸಿ ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಅವಳ ಆ್ಯಡ್ ಸೆಟ್‌ನಲ್ಲಿ ವಾರದ ರೀಚ್ 1,200, ಫ್ರೀಕ್ವೆನ್ಸಿ 23. ಒಬ್ಬೊಬ್ಬರಿಗೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ. ಅದೂ ಸರಾಸರಿ. ಫೋನ್ ಕಡಿಮೆ ಮುಟ್ಟುವವರಿಗೆ ನಾಲ್ಕು ಸಲ ಕಂಡಿದ್ದರೆ, ಸದಾ ಸ್ಕ್ರೋಲ್ ಮಾಡುವವರಿಗೆ ಅರವತ್ತು ಸಲ ಕಂಡಿರುತ್ತದೆ.

ಯಾಕೆ ಹೀಗಾಯಿತು ಅಂತ ಲೆಕ್ಕ ಹಾಕಿದರೆ ಇಲ್ಲಿ ಯಾವ ತಾಂತ್ರಿಕ ದೋಷವೂ ಇಲ್ಲ. ಸಾವಿರ ಸಲ ತೋರಿಸಲು ಅವಳಿಗೆ 250 ತಗಲುತ್ತಿತ್ತು. ದಿನಕ್ಕೆ 1,000 ಬಜೆಟ್, ವಾರಕ್ಕೆ 7,000. ಅಂದರೆ ವಾರಕ್ಕೆ 28,000 ಸಲ ತೋರಿಸಲೇಬೇಕು. ನೋಡುವವರು 1,200 ಜನ ಮಾತ್ರ. 28,000 ಅನ್ನು 1,200ರಿಂದ ಭಾಗಿಸಿ, 23 ಬಂತಲ್ಲ? ವ್ಯವಸ್ಥೆ ಹೇಳಿದ ಕೆಲಸವನ್ನೇ ಮಾಡಿದೆ, ಹೇಳಿದ್ದೇ ತಪ್ಪು.

ಬಜೆಟ್ಟನ್ನು ಉಲ್ಟಾ ಕಡೆಯಿಂದ ಹಿಡಿಯಬೇಕು. ಒಬ್ಬರಿಗೆ ವಾರಕ್ಕೆ ಎಷ್ಟು ಸಲ ಕಂಡರೆ ಸಾಕು ಅಂತ ಮೊದಲು ನೀವೇ ತೀರ್ಮಾನಿಸಿ. ನನ್ನ ಲೆಕ್ಕದಲ್ಲಿ ಬ್ಯಾಗ್ ಥರದ ಮಾಲಿಗೆ ನಾಲ್ಕು ಸಾಕು, ಎರಡು ದಿನಕ್ಕೊಮ್ಮೆ ಅಂದುಕೊಳ್ಳಿ. ಆಮೇಲೆ:

```
ವಾರದ ಬಜೆಟ್ = ರೀಚ್ × ಸಲ ÷ 1000 × ಸಾವಿರ ಸಲದ ದರ
1200 × 4 ÷ 1000 × 250 = 1200
```

ವಾರಕ್ಕೆ 1,200, ದಿನಕ್ಕೆ ಸುಮಾರು 170. ಅವಳು ಹಾಕುತ್ತಿದ್ದುದರ ಆರನೇ ಒಂದು ಪಾಲು! ಮೊದಲು ಅವಳು ನಂಬಲೇ ಇಲ್ಲ, "ಇಷ್ಟು ಕಡಿಮೆ ಹಾಕಿದ್ರೆ ಏನು ಬರುತ್ತೆ" ಅಂದಳು. ಸಾವಿರ ಸಲದ ದರವನ್ನು ಇದೇ ಆ್ಯಡ್ ಸೆಟ್‌ನಿಂದ ತಗೊಳ್ಳಿ, ಹೊಸಬರಿಗೆ ತೋರಿಸುವ ಕ್ಯಾಂಪೇನ್‌ನಿಂದ ಬೇಡ. ಚಿಕ್ಕ ಗುಂಪಿಗೆ ದರ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಲೆಕ್ಕ ತಪ್ಪಿಹೋಗುತ್ತದೆ. ರೀಚ್ ಬದಲು "ಸೈಟಿಗೆ ಬಂದವರು" ಅಂತ ಹಾಕುವುದೂ ತಪ್ಪು. ಅವಳ ಸೈಟಿನಲ್ಲಿ ಆ ಅವಧಿಗೆ 2,000 ಜನ ಪ್ರಾಡಕ್ಟ್ ನೋಡಿದ್ದರು, ಮೆಟಾ ತಲುಪಿದ್ದು 1,200. ಉಳಿದವರಲ್ಲಿ ಒಪ್ಪಿಗೆ ಕೊಡದವರು, ಬ್ಲಾಕರ್ ಇದ್ದವರು, ಆ ಆ್ಯಪ್‌ಗಳನ್ನೇ ಬಳಸದವರು ಇರುತ್ತಾರೆ.

ಗೂಗಲ್ ಡಿಸ್‌ಪ್ಲೇ ಕ್ಯಾಂಪೇನ್ ಸೆಟ್ಟಿಂಗ್‌ನಲ್ಲಿ `Frequency capping` ಇದೆ, ಒಬ್ಬರಿಗೆ ಎಷ್ಟು ಸಲ ಅಂತ ನೇರವಾಗಿ ಹೇಳಬಹುದು. ಮೆಟಾದಲ್ಲಿ ಮಾರಾಟದ ಗುರಿ ಇಟ್ಟ ಕ್ಯಾಂಪೇನ್‌ಗೆ ಅಂಥ ಗಟ್ಟಿ ಮಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲಿ ಬಜೆಟ್ಟೇ ನಿಮ್ಮ ಮಿತಿ.

ಇದರ ಉಲ್ಟಾ ಲಕ್ಷಣವೂ ಉಂಟು. ರೀಚ್ 15,000, ಫ್ರೀಕ್ವೆನ್ಸಿ 1.8 ಅಂತ ಬಂದರೆ ಖುಷಿಪಡಬೇಡಿ. ನಿಮ್ಮ ಸೈಟಿನಲ್ಲಿ ಪ್ರಾಡಕ್ಟ್ ನೋಡಿದವರೇ 2,000 ಜನ, ಉಳಿದವರು ಯಾರು? ಜಾಹೀರಾತು ಪಟ್ಟಿ ದಾಟಿ ಹೊಸಬರ ಕಡೆ ಹೋಗಿದೆ. ಮೆಟಾದಲ್ಲಿ `Advantage+ audience` ಆನ್ ಇದ್ದರೆ ನೀವು ಕೊಟ್ಟ ಪಟ್ಟಿಯನ್ನು ಅದು ಬರೀ ಸಲಹೆ ಅಂತ ತಗೊಳ್ಳಬಹುದು. ಗೂಗಲ್‌ನಲ್ಲಿ `Optimized targeting` ಇದೇ ಕೆಲಸ ಮಾಡುತ್ತದೆ. ಅದನ್ನು ಆಫ್ ಮಾಡಿ, ಮೂರು ದಿನ ಬಿಟ್ಟು ರೀಚ್ ಮತ್ತೆ ನೋಡಿ. ರೀಚ್ ಇಳಿದರೆ ಕಾರಣ ಸಿಕ್ಕಿತು. ಬಜೆಟ್ ಕಡಿಮೆ ಮಾಡದೆ ಇದನ್ನು ಆಫ್ ಮಾಡಿದರೆ ಮಾತ್ರ ಫ್ರೀಕ್ವೆನ್ಸಿ ಗಗನಕ್ಕೇರುತ್ತದೆ, ಹುಷಾರು.

## "ರಿಪೋರ್ಟ್‌ನಲ್ಲಿ ಮಾರಾಟ ಇದೆ, ಗಲ್ಲಾದಲ್ಲಿ ಇಲ್ಲ"

14 ದಿನಕ್ಕೆ ಅವಳು ಹಾಕಿದ್ದು 14,000. ಮೆಟಾ ಹೇಳಿದ್ದು 33 ಮಾರಾಟ, ಒಂದು ಬ್ಯಾಗಿಗೆ 1,000. ಅಂದರೆ ಹಾಕಿದ್ದರ 2.36 ಪಟ್ಟು. ಕೇಳಲು ಚೆನ್ನಾಗಿದೆ. ಆದರೆ ಅದು ಮಾರಾಟದ ಲೆಕ್ಕ, ಲಾಭದ್ದಲ್ಲ. ಮಾಲು, ಪ್ಯಾಕಿಂಗ್, ಕೊರಿಯರ್, ಪಾವತಿ ಶುಲ್ಕ ಕಳೆದು ಒಂದು ಬ್ಯಾಗಿಗೆ ಅವಳ ಕೈಗೆ ಉಳಿಯುವುದು 300. 33 ಬ್ಯಾಗಿಗೆ 9,900. ಜಾಹೀರಾತಿಗೆ ಹೋಗಿದ್ದು 14,000. ಮೆಟಾ ಹೇಳಿದ್ದನ್ನೇ ಪೂರ್ತಿ ನಂಬಿದರೂ ನಷ್ಟವೇ. ಅವಳಿಗೆ ಅಸಲು ಬರಬೇಕಾದರೂ 3.33 ಪಟ್ಟು ಬೇಕಿತ್ತು, 1,000 ಭಾಗಿಸು 300. ನಿಮ್ಮದು ಎಷ್ಟು ಅಂತ ಇವತ್ತೇ ಲೆಕ್ಕ ಹಾಕಿ, ಐದು ನಿಮಿಷದ ಕೆಲಸ.

ಈಗ ಆ 33 ಅನ್ನೇ ಬಿಡಿಸಿ ನೋಡೋಣ. ಮೆಟಾದಲ್ಲಿ ಸಾಮಾನ್ಯವಾಗಿ ಕ್ಲಿಕ್ ಮಾಡಿ 7 ದಿನದೊಳಗೆ ಕೊಂಡವರನ್ನೂ, ಕ್ಲಿಕ್ ಮಾಡದೆ ಬರೀ ಜಾಹೀರಾತು ಕಂಡು 1 ದಿನದೊಳಗೆ ಕೊಂಡವರನ್ನೂ ಸೇರಿಸಿ ಎಣಿಸುತ್ತಾರೆ. ಕಾಲಂ ಆರಿಸುವಲ್ಲಿ `Compare attribution settings` ಇದೆ, ಅಲ್ಲಿ ಎರಡನ್ನೂ ಬೇರೆ ಮಾಡಿ ನೋಡಬಹುದು. ಅವಳದ್ದು ಕ್ಲಿಕ್‌ನಿಂದ 12, ಬರೀ ಕಂಡದ್ದರಿಂದ 21. ಒಬ್ಬರಿಗೆ ದಿನಕ್ಕೆ ಮೂರು ಸಲ ತೋರಿಸುತ್ತಿದ್ದರೆ, ಅವತ್ತು ಯಾರೇ ಕೊಂಡರೂ "ನನ್ನ ಜಾಹೀರಾತು ಕಂಡಿದ್ದರು" ಅಂತ ಹೇಳಲು ಬರುತ್ತದಲ್ಲ! ಸಂಬಳದ ದಿನ ಕೊಳ್ಳೋಣ ಅಂತ ಮನಸ್ಸಿನಲ್ಲೇ ತೀರ್ಮಾನಿಸಿದ್ದವರೂ ಆ 21ರಲ್ಲಿ ಇರುತ್ತಾರೆ.

ನಿಜ ತಿಳಿಯಬೇಕಾದರೆ ಜಾಹೀರಾತು ಇಲ್ಲದಾಗ ಎಷ್ಟು ಮಾರಾಟ ಆಗುತ್ತದೆ ನೋಡಬೇಕು. ರೀಟಾರ್ಗೆಟಿಂಗ್ ಶುರುವಾಗುವ ಮೊದಲಿನ 14 ದಿನ ಅವಳಿಗೆ 54 ಆರ್ಡರ್ ಬಂದಿತ್ತು, ಸೈಟಿಗೆ ಬಂದವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಜಾಹೀರಾತು ಇದ್ದಾಗ 60. ಜಾಸ್ತಿ ಬಂದದ್ದು 6. ಒಂದೊಂದು ಹೆಚ್ಚಿನ ಆರ್ಡರ್‌ಗೆ 2,300ಕ್ಕೂ ಮೇಲೆ ಖರ್ಚು, ಸಿಗುವ ಲಾಭ 300.

ಈ ಪರೀಕ್ಷೆಗೆ ಮಿತಿ ಇದೆ. 54 ಮತ್ತು 60ರ ನಡುವಿನ ಅಂತರ ಜಾಹೀರಾತೇ ಇಲ್ಲದೆಯೂ ಬರಬಹುದು, ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ ಇದ್ದೇ ಇರುತ್ತದೆ. ಹಾಗಾಗಿ "6 ಬಂತು" ಅನ್ನುವುದೂ ಗಟ್ಟಿ ಮಾತಲ್ಲ, ಸೊನ್ನೆಯೂ ಇರಬಹುದು, ಹನ್ನೆರಡೂ ಇರಬಹುದು. ಆದರೆ 33 ಖಂಡಿತ ಅಲ್ಲ ಅಂತ ಹೇಳಲು ಇಷ್ಟು ಸಾಕು. ಹೋಲಿಸುವಾಗ ಎರಡು ಅವಧಿಯಲ್ಲೂ ಸೋಮವಾರ, ಭಾನುವಾರಗಳೆಲ್ಲ ಅಷ್ಟಷ್ಟೇ ಇರಲಿ, ಒಂದರಲ್ಲಿ ಆಫರ್ ಇದ್ದು ಇನ್ನೊಂದರಲ್ಲಿ ಇಲ್ಲ ಅಂತಾಗಬಾರದು. ಆರ್ಡರ್ ಸಂಖ್ಯೆ ದೊಡ್ಡದಿರುವವರು ಮೆಟಾದ ಲಿಫ್ಟ್ ಪರೀಕ್ಷೆ ಮಾಡಬಹುದು. ಅದರಲ್ಲಿ ಪಟ್ಟಿಯ ಒಂದು ಪಾಲಿಗೆ ಬೇಕಂತಲೇ ಜಾಹೀರಾತು ತೋರಿಸದೆ, ಉಳಿದವರ ಜೊತೆ ಹೋಲಿಸುತ್ತಾರೆ.

ಖರ್ಚಿಗೆ ಎರಡನೇ ಬೇಲಿ ಇಲ್ಲಿಂದ ಬರುತ್ತದೆ. ಹೆಚ್ಚಿನ ಒಂದು ಆರ್ಡರ್‌ಗೆ ಲಾಭದ ಅರ್ಧ, ಅಂದರೆ 150 ಕೊಡಲು ಸಿದ್ಧ ಅಂತ ಅವಳು ತೀರ್ಮಾನಿಸಿದಳು. ವಾರಕ್ಕೆ 1,200 ಹಾಕಿದರೆ 8 ಹೆಚ್ಚಿನ ಆರ್ಡರ್ ಬರಬೇಕು. ಬರುವ ಲಕ್ಷಣ ಇರಲಿಲ್ಲ. ಹಾಗಾಗಿ ಪಟ್ಟಿಯನ್ನು 14 ದಿನದಿಂದ 7 ದಿನಕ್ಕೆ ಇಳಿಸಿದೆವು, ನೋಡಿ ವಾರ ಕಳೆದವರಿಗೆ ಬ್ಯಾಗಿನ ನೆನಪು ಅಷ್ಟಾಗಿ ಇರುವುದಿಲ್ಲ ಅನ್ನುವ ಅಂದಾಜಿನ ಮೇಲೆ. ರೀಚ್ ಅರ್ಧ ಆಯಿತು, 600. ಲೆಕ್ಕದ ಪ್ರಕಾರ ಬಜೆಟ್ ವಾರಕ್ಕೆ 600, ದಿನಕ್ಕೆ 85ರ ಸುಮಾರು. ವಾರಕ್ಕೆ 4 ಹೆಚ್ಚಿನ ಆರ್ಡರ್ ಬಂದರೆ ಅವಳ ಗುರಿ ಮುಟ್ಟಿದ ಹಾಗೆ, 2 ಬಂದರೆ ಅಸಲು. ಒಂದೂ ಬರದಿದ್ದರೂ ನಿದ್ದೆ ಕೆಡುವಷ್ಟು ಹೋಗುವುದಿಲ್ಲ.

ಬಜೆಟ್ ಇಷ್ಟು ಇಳಿದಾಗ ಒಂದು ಆಸೆ ಬರುತ್ತದೆ: ಕಾರ್ಟ್‌ಗೆ ಹಾಕಿದವರು ಬೇರೆ, 3 ದಿನದವರು ಬೇರೆ, 7 ದಿನದವರು ಬೇರೆ ಅಂತ ಮೂರು ಆ್ಯಡ್ ಸೆಟ್ ಮಾಡೋಣ ಅಂತ. ದೊಡ್ಡ ಸೈಟಿಗೆ ಅದು ಸರಿ. 600 ಜನರನ್ನು ಮೂರು ಪಾಲು ಮಾಡಿದರೆ ಯಾವುದರಲ್ಲೂ ಕಲಿಯುವಷ್ಟು ಅಂಕಿ ಬರುವುದಿಲ್ಲ. ಒಂದೇ ಇರಲಿ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ನೀವು ಮಾಡದ ಕ್ಯಾಂಪೇನ್ ಕಾಣಿಸಿದರೆ, ಗೊತ್ತಿಲ್ಲದ ಹೆಸರು ಅಕೌಂಟ್‌ಗೆ ಸೇರಿದ್ದರೆ, ಅಥವಾ ಮಿತಿ ತಾನಾಗಿ ಏರಿದ್ದರೆ ಅದು ಸೆಟ್ಟಿಂಗ್ ತಪ್ಪಲ್ಲ. ಹುಡುಕುತ್ತಾ ಕೂರಬೇಡಿ. ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, ಆಮೇಲೆ ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ಲಾಗಿನ್ ಹಾಕಿ, ಆಮೇಲೆ ಜಾಹೀರಾತು ಕಂಪನಿಯ ಸಹಾಯ ಕೇಳಿ.

ಸರ್ವರ್‌ನಿಂದ `Purchase` ಕಳಿಸುವ ಕೆಲಸಕ್ಕೆ ಕೋಡ್ ಗೊತ್ತಿರುವವರನ್ನೇ ಹಿಡಿಯಿರಿ. ಅರ್ಧಂಬರ್ಧ ಮಾಡಿದರೆ ಮೊದಲಿಗಿಂತ ಕೆಟ್ಟ ಲೆಕ್ಕ ಬರುತ್ತದೆ. ಅವರಿಗೆ ಪಾಸ್‌ವರ್ಡ್ ಕೊಡಬೇಡಿ, ಬೇಕಾದಷ್ಟೇ ಅಧಿಕಾರ ಕೊಟ್ಟು ಸೇರಿಸಿ, ಕೆಲಸ ಮುಗಿದ ದಿನವೇ ತೆಗೆಯಿರಿ. ಕೆಲಸ ಆಯಿತು ಅಂತ ಅವರು ಹೇಳಿದರೆ ಸುಮ್ನೆ ಒಪ್ಪಬೇಡಿ, ಮತ್ತೆ ಅದೇ ಹಾಳೆ ತೆಗೆದು ಏಳು ದಿನದ ಆರ್ಡರ್ ಮತ್ತು `Purchase` ಎಣಿಸಿ.

ಔಷಧಿ, ಆರೋಗ್ಯ ಪರೀಕ್ಷೆ, ಸಾಲ, ಒಳ ಉಡುಪು ಥರದ ಮಾಲು ನಿಮ್ಮದಾದರೆ ಈ ಬಗೆಯ ಜಾಹೀರಾತು ಶುರು ಮಾಡುವ ಮೊದಲೇ ನಿಯಮ ಓದಿ. ಆರೋಗ್ಯದಂಥ ವಿಷಯಕ್ಕೆ ಗೂಗಲ್ ವೈಯಕ್ತಿಕ ಜಾಹೀರಾತನ್ನೇ ಬಿಡುವುದಿಲ್ಲ. ನಿಯಮ ಬಿಟ್ಟರೂ, ಮನೆಯವರೆಲ್ಲ ಬಳಸುವ ಒಂದೇ ಟ್ಯಾಬ್ಲೆಟ್‌ನಲ್ಲಿ ಆ ಮಾಲು ಮತ್ತೆ ಮತ್ತೆ ಕಂಡರೆ ನೋಡಿ ಹೋದವರಿಗೆ ಏನಾಗಬಹುದು ಅಂತ ಒಂದು ಸಲ ಯೋಚಿಸಿ.

ನೀಲಿ ಬ್ಯಾಗಿನವರಿಗೆ ಅವಳು ಕ್ಷಮೆ ಕೇಳಿ ಬರೆದಳು. "ಪರವಾಗಿಲ್ಲ, ಕೆಂಪು ಬಣ್ಣದ್ದು ಇದ್ಯಾ?" ಅಂತ ಉತ್ತರ ಬಂತಂತೆ.